ಬಡ್ಡಿ ಇಲ್ಲದ ಕಂತು

ಹಾಸನದ ನಿವೃತ್ತ ಗಣಿತ ಮೇಷ್ಟ್ರ ಮನೆಯಲ್ಲಿ 'ಕಂತು' ಎಂಬ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಅವರ ತಂದೆ ಅಂಗಡಿಯ ಬಾಕಿ ತೀರಿಸಲು ಎರಡು ಎತ್ತು ಮಾರಿದವರು. ಹಾಗಾಗಿ ಮೇಷ್ಟ್ರು ಸೈಕಲ್ಲಿನಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲವನ್ನೂ ದುಡ್ಡು ಎಣಿಸಿಯೇ ತಂದವರು.

ಕಳೆದ ದೀಪಾವಳಿಗೆ ಮೊದಲು ಹೆಂಡತಿಯ ಫೋನು ಕೈಜಾರಿ ಬಿದ್ದು ಗಾಜು ಒಡೆಯಿತು. ತುಮಕೂರಿನಲ್ಲಿರುವ ಮೊಮ್ಮಗನ ಮುಖ ಆಕೆಗೆ ಕಾಣಿಸುತ್ತಿದ್ದುದು ಅದರಲ್ಲೇ. ಅಳಿಯ ಕೂಡಲೇ ಪರಿಹಾರ ಹೇಳಿದ. "ನಾನು ದಸರಾಕ್ಕೆ ತಗೊಂಡ ಫೋನನ್ನೇ ತಗೊಳ್ಳಿ ಮಾವ. 24,000 ರೂಪಾಯಿ. ತಿಂಗಳಿಗೆ 4,000ದಂತೆ ಆರು ಕಂತು. ಒಂದು ಪೈಸೆ ಬಡ್ಡಿ ಇಲ್ಲ."

ಬಡ್ಡಿ ಇಲ್ಲದೆ ಸಾಲ ಕೊಡುವ ಬ್ಯಾಂಕು ಎಲ್ಲಿದೆ? ಮೇಷ್ಟ್ರಿಗೆ ನಿದ್ದೆ ಬರಲಿಲ್ಲ. ಭಾನುವಾರ ಅಳಿಯ ಬಂದಾಗ ಆತನ ಕ್ರೆಡಿಟ್ ಕಾರ್ಡಿನ ಮೊದಲ ತಿಂಗಳ ಲೆಕ್ಕವನ್ನು ಕೇಳಿ ಓದಿದರು. 4,000 ಇರಬೇಕಾದಲ್ಲಿ 4,290 ಇತ್ತು. ಅಳಿಯ ಅದನ್ನು ಗಮನಿಸಿಯೇ ಇರಲಿಲ್ಲ.

ಮೇಷ್ಟ್ರು ಹಬ್ಬದ ಕರಪತ್ರದ ಹಿಂಬದಿಯಲ್ಲಿ ಲೆಕ್ಕ ಬರೆದರು. ಬ್ಯಾಂಕು ಹಾಕುತ್ತಿದ್ದುದು ವರ್ಷಕ್ಕೆ ಶೇಕಡಾ 16ರ ಬಡ್ಡಿ. ಆ ದರದಲ್ಲಿ ಆರು ತಿಂಗಳು 4,000 ಕಟ್ಟಿದರೆ ತೀರುವ ಸಾಲ 24,000 ಅಲ್ಲ, 22,919. ಉಳಿದ 1,081 ರೂಪಾಯಿಯೇ ಬಡ್ಡಿ. ಮಾರುವವನು ಅಷ್ಟನ್ನು ಬೆಲೆಯಲ್ಲಿ ಮೊದಲೇ ಕಳೆದುಬಿಟ್ಟಿರುತ್ತಾನೆ. ಬ್ಯಾಂಕು ಅದನ್ನೇ ಮೆಲ್ಲಗೆ ವಸೂಲು ಮಾಡುತ್ತದೆ. ಕೂಡಿಸಿದರೆ 24,000 ಸರಿಹೊಂದುತ್ತದೆ, ಕೊಳ್ಳುವವನಿಗೆ ಬಡ್ಡಿ ಕಾಣುವುದಿಲ್ಲ. ಕಾಣುವುದು ಅದರ ಬಾಲ ಮಾತ್ರ. ಬಡ್ಡಿಯ ಮೇಲೆ ಶೇಕಡಾ 18 ಜಿ.ಎಸ್.ಟಿ., ಮೊದಲ ತಿಂಗಳು 55 ರೂಪಾಯಿ, ಆರು ತಿಂಗಳಿಗೆ 195. ಪ್ರೊಸೆಸಿಂಗ್ ಶುಲ್ಕ 199, ಅದರ ತೆರಿಗೆ ಸೇರಿ 235. ಒಟ್ಟು 430 ರೂಪಾಯಿ ಅಳಿಯನ ಕೈಯಿಂದ ಹೋಗುವುದು ಖಂಡಿತ.

ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ, ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿ ಶುಲ್ಕದ ವೇಷ ಹಾಕಿಕೊಂಡು ಬರುತ್ತದೆ ಎಂದು ಬ್ಯಾಂಕುಗಳಿಗೆ ಬರೆದಿತ್ತು. ಆಮೇಲೆ ವೇಷ ಬದಲಾಯಿತು, ಪಾತ್ರಧಾರಿ ಅವನೇ.

ಅಳಿಯ ಬಿಡಲಿಲ್ಲ. "ಆದರೆ ಮಾವ, ನನ್ನ ದುಡ್ಡು ಅಲ್ಲಿಯವರೆಗೆ ಬ್ಯಾಂಕಿನಲ್ಲೇ ಇರುತ್ತಲ್ಲ?" ಮಾತು ಸುಳ್ಳಲ್ಲ. ಮೇಷ್ಟ್ರು ಅದನ್ನೂ ಬರೆದರು. ಉಳಿತಾಯ ಖಾತೆಗೆ ಶೇಕಡಾ 3 ಎಂದೇ ಹಿಡಿದರೂ ತಿಂಗಳು ತಿಂಗಳು ಕರಗುವ ಆ 24,000ಕ್ಕೆ ಆರು ತಿಂಗಳಲ್ಲಿ ಸಿಗುವುದು 210. ಕೊಡುವುದು 430.

"ಹಾಗಾದರೆ ನಗದೇ ಲಾಭ" ಎಂದರು ಹೆಂಡತಿ. ಮೇಷ್ಟ್ರು ತಲೆಯಾಡಿಸಿದರು, ಅದೂ ಪೂರ್ತಿ ಅಲ್ಲ. ಅಂಗಡಿಯವನು 22,919ಕ್ಕೆ ಕೊಡಲು ಒಪ್ಪಿಯಾಗಿದೆ. ಅಂಥದ್ದಕ್ಕೆ 24,000 ಎಣಿಸಿ ಬರುವವನು ತಾನು ಮಾಡದ ಸಾಲಕ್ಕೆ ಬಡ್ಡಿ ಕಟ್ಟಿದ ಹಾಗೆ. ಮುಂಗಡವಾಗಿ ಬೇರೆ! ನಗದಿನವರಿಗೆ ಏನೂ ಬಿಡದಿದ್ದರೆ ನಗದಿನವನ ಗೆಲುವು ಅಲ್ಪವೇ.

ಮರುದಿನ ಅಂಗಡಿಗೆ ಹೋದರು. ಬಾಗಿಲಿಗೆ ಮಾವಿನ ತೋರಣ, ಒಳಗೆ 29,999ಕ್ಕೆ ಕೆಂಪು ಗೀಟು ಹಾಕಿದ ಫಲಕ. "6,000 ಉಳಿತಾಯ ಸಾರ್" ಎಂದ ಹುಡುಗ. ಗೀಟು ಹಾಕಿದ್ದು ಡಬ್ಬಿಯ ಮೇಲಿನ ಗರಿಷ್ಠ ಬೆಲೆಗೆ. ಗಣೇಶನ ಹಬ್ಬಕ್ಕೆ ಮೊದಲು ಇದೇ ಅಂಗಡಿಯಲ್ಲಿ ಇದೇ ಫೋನಿಗೆ 24,900 ಹೇಳಿದ್ದನ್ನು ಮೇಷ್ಟ್ರು ಬರೆದಿಟ್ಟುಕೊಂಡಿದ್ದರು. ಹಬ್ಬದ ರಿಯಾಯಿತಿ 900 ಎಂದಾಯಿತು.

"ನಗದಿಗೆ ಎಷ್ಟು?"

"ಅದೇ ರೇಟು ಸಾರ್. ಆಫರು ಕಾರ್ಡಿನವರಿಗೆ ಮಾತ್ರ, ಕಂಪೆನಿ ಕೊಡೋದು."

ಇದು ಕೆಲವು ಸಲ ನಿಜವೇ. ಬಡ್ಡಿಯ ಭಾರವನ್ನು ಫೋನು ಮಾಡುವ ಕಂಪೆನಿ ಹೊತ್ತಿದ್ದರೆ ಅಂಗಡಿಯವನ ಕೈಯಲ್ಲಿ ಬಿಡಲು ಹೆಚ್ಚೇನೂ ಇರುವುದಿಲ್ಲ. ಮೇಷ್ಟ್ರು ಜಗಳವಾಡಲಿಲ್ಲ, ಕರಪತ್ರ ತಿರುಗಿಸಿ 1,081 ಎಂಬ ಅಂಕಿಯನ್ನು ಮಾಲೀಕನ ಮುಂದಿಟ್ಟರು. ಆತ ನೋಡಿದ, ನಕ್ಕ, ಒಳಗೆ ಹೋಗಿ ಯಾರಿಗೋ ಫೋನು ಮಾಡಿ ಬಂದ. "ನಿಮ್ಮಂಥವರು ದಿನಾ ನಾಲ್ಕು ಜನ ಬಂದರೆ ಅಂಗಡಿ ಮುಚ್ಚಬೇಕು ಮೇಷ್ಟ್ರೇ" ಎಂದು 800 ಬಿಟ್ಟ. ಮೇಷ್ಟ್ರು 23,200 ಎಣಿಸಿ ಬಿಲ್ಲು ಬರೆಸಿಕೊಂಡರು. ಅಳಿಯನಿಗಿಂತ 1,230 ಕಡಿಮೆ.

ರಾತ್ರಿ ಹೊಸ ಫೋನಿನಲ್ಲಿ ಮೊಮ್ಮಗ ಕುಣಿದು ತೋರಿಸಿದ. ಕುಣಿತ ಮುಗಿದ ಮೇಲೆ ಅಳಿಯ ತೆರೆಗೆ ಬಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಕೇಳಿದ: "ಮಾವ, ಫ್ರಿಜ್ಜಿಂದೂ ವಾಷಿಂಗ್ ಮೆಷಿನ್ನಿಂದೂ ಕಂತು ನಡೀತಿದೆ. ಆ ಕಾಗದಗಳನ್ನ ಮುಂದಿನ ಭಾನುವಾರ ತರಲಾ?"