ಕೊನೆಯ ಇಪ್ಪತ್ತು ಸೆಕೆಂಡು

ಫೆಸ್ಟ್ ಮುಗಿದು ಮೂರು ವಾರವಾಗಿತ್ತು. ಮೀಡಿಯಾ ಕ್ಲಬ್ಬಿನ ಇಪ್ಪತ್ಮೂರು ಸ್ವಯಂಸೇವಕರನ್ನು ಒಂದು ಸಂಜೆ ಸೆಮಿನಾರ್ ಹಾಲಿಗೆ ಕರೆದು, ಕಾಫಿ ಖಾರಾಬಾತು ಕೊಟ್ಟು, ನಾಲ್ಕು ಮಾತು ಹೇಳಬೇಕು ಎಂದು ನಿಶ್ಚಯವಾಯಿತು. ಕ್ಲಬ್ಬಿನ ಲೀಡ್ ಆದ್ದರಿಂದ ಮಾತಾಡಬೇಕಾದವಳು ನಾನು. 'ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು' ಎಂಬಲ್ಲಿಗೆ ಮಾತು ಮುಗಿದುಹೋಗಬಾರದು ಎಂಬ ಆಸೆ ನನಗೆ ತುಂಬ ಇತ್ತು. ಬಿಸಿಲಲ್ಲಿ ಟ್ರೈಪಾಡ್ ಹೊತ್ತವನಿಗೂ, ರಾತ್ರಿ ಎರಡರವರೆಗೆ ಎಡಿಟಿಂಗಿಗೆ ಕೂತವಳಿಗೂ ಒಂದೇ ಧನ್ಯವಾದ ಹಂಚಿದರೆ ಅದು ಯಾರ ಕೈಗೂ ಸಿಗುವುದಿಲ್ಲ. ಹಾಗಾಗಿ ಹಿಂದಿನ ರಾತ್ರಿ ಯೂಟ್ಯೂಬ್ ಸ್ಟುಡಿಯೋ ತೆರೆದು ನಮ್ಮ ಫೆಸ್ಟ್ ವಿಡಿಯೋದ ಲೆಕ್ಕ ನೋಡಲು ಕೂತೆ.

ವಿಡಿಯೋ ಆರು ನಿಮಿಷದ್ದು. ವ್ಯೂಸ್ 4,200. ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ ಮೂವತ್ತು ಸೆಕೆಂಡಿನ ರೀಲಿಗೆ ಮಾತ್ರ 38,000. ನಮ್ಮ ತಂಡದ ಹುಡುಗನೊಬ್ಬ ಫೋನ್ ಮಾಡಿ, "ಅಕ್ಕ, ಎರಡೂ ಕೂಡಿಸಿ ನಲವತ್ತೆರಡು ಸಾವಿರ ಅಂತ ಹೇಳಿ, ಪ್ರಿನ್ಸಿಪಾಲರೂ ಇರ್ತಾರೆ" ಎಂದ. ಅವನ ಉತ್ಸಾಹ ನನಗೆ ಅರ್ಥವಾಗುತ್ತದೆ. ಆದರೆ ಆ ಎರಡು ಸಂಖ್ಯೆಗಳನ್ನು ಕೂಡಿಸುವಂತಿಲ್ಲ. ರೀಲು ಪರದೆಯ ಮೇಲೆ ಓಡಲು ಶುರುವಾದರೆ ಸಾಕು, ಒಂದು ವ್ಯೂ. ಮುಗಿದು ಮತ್ತೆ ತಾನೇ ಓಡಿದರೆ ಇನ್ನೊಂದು. ಉದ್ದದ ವಿಡಿಯೋವನ್ನು ಎಣಿಸುವ ರೀತಿಯೇ ಬೇರೆ. ಅಲ್ಲದೆ 4,200 ಎಂಬುದೂ ತಲೆ ಎಣಿಕೆಯಲ್ಲ. ಒಬ್ಬರೇ ನಾಲ್ಕು ಸಲ ನೋಡಿದ್ದರೂ ಅದು ನಾಲ್ಕೇ. ಹಾಗಾಗಿ ಭಾಷಣದಲ್ಲಿ ರೀಲಿನ ಸಂಖ್ಯೆಯನ್ನು ಪೂರ್ತಿ ಬಿಟ್ಟೆ. 4,200ನ್ನು 'ಇಷ್ಟು ಜನ' ಎನ್ನದೆ 'ಇಷ್ಟು ಸಲ' ಎಂದೇ ಹೇಳಿದೆ.

ನಾನು ನಿಜವಾಗಿ ಕೂತು ಓದಿದ್ದು ಅದರ ಕೆಳಗಿನ ಗೆರೆಯನ್ನು. ಯಾವ ಸೆಕೆಂಡಿನಲ್ಲಿ ನೂರಕ್ಕೆ ಎಷ್ಟು ಪಾಲು ನೋಟ ಉಳಿದಿತ್ತು ಎಂದು ತೋರಿಸುವ ಗೆರೆ ಅದು. ಎಲ್ಲ ವಿಡಿಯೋಗಳಂತೆ ನಮ್ಮದೂ ಮೊದಲಲ್ಲೇ ಜಾರುತ್ತದೆ. ಮೂವತ್ತನೇ ಸೆಕೆಂಡಿಗೆ 68ಕ್ಕೆ ಇಳಿದಿತ್ತು. ಸರಾಸರಿ ನೋಟ 2 ನಿಮಿಷ 44 ಸೆಕೆಂಡು. ಆಮೇಲೆ ಗೆರೆ ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ಹಾಗೆ ಮೆಲ್ಲಗೆ ಇಳಿಯುವುದು ಸಹಜ. ಕಣ್ಣಿಡಬೇಕಾದ್ದು ಅದು ಮುರಿಯುವ ಜಾಗಗಳ ಮೇಲೆ.

ಒಂದು ಜಾಗ 1:50ರಲ್ಲಿ ಸಿಕ್ಕಿತು. ಅತಿಥಿಗಳ ಭಾಷಣದ ತುಣುಕು ಬರುವ ಹೊತ್ತಿಗೆ 46ರಲ್ಲಿದ್ದ ಗೆರೆ 35ಕ್ಕೆ ಕುಸಿಯಿತು. ಆದರೆ ಡೊಳ್ಳು ಶುರುವಾಗುವ ಕಡೆ ಮತ್ತೆ 43ಕ್ಕೆ ಏರಿತು. ಕುಸಿದ ಗೆರೆ ಹಾಗೇ ಕೆಳಗುಳಿದರೆ ಜನ ಎದ್ದುಹೋದರು ಎಂದರ್ಥ. ಏರಿ ಬಂದರೆ, ಬೆರಳಿನಿಂದ ಸರಿಸಿ ಮುಂದಕ್ಕೆ ಹಾರಿದರು ಎಂದರ್ಥ. ಸಾಗರದ ಕಡೆಯಿಂದ ಬಂದಿದ್ದ ಆ ಡೊಳ್ಳಿನ ತಂಡದ ಮಧ್ಯೆ, ಕೋಲು ಬೀಸುವವರ ನಡುವೆ ಬಗ್ಗಿ ನಿಂತು ಶೂಟ್ ಮಾಡಿದವಳು ಎರಡನೇ ವರ್ಷದ ಬಿಕಾಂ ಹುಡುಗಿ. ಭಾಷಣದಲ್ಲಿ ಅವಳಿಗೆ ಹೇಳಿದ್ದು ಇಷ್ಟೇ: "ಹಾರಿದವರು ಬಂದು ನಿಂತದ್ದು ನಿನ್ನ ಶಾಟಿನ ಮೇಲೆ."

ಇನ್ನೊಂದು ಜಾಗ 4:05. ಅಲ್ಲಿ 38ರಲ್ಲಿದ್ದ ಗೆರೆ ಹನ್ನೊಂದು ಸೆಕೆಂಡಿನ ಮಟ್ಟಿಗೆ 47ಕ್ಕೆ ಏರಿತ್ತು. ಹಾಡು ಕುಣಿತ ಏನಾದರೂ ಇರಬೇಕು ಎಂದುಕೊಂಡು ನೋಡಿದರೆ ಏನೂ ಇಲ್ಲ, ಬರೀ ಪ್ರೇಕ್ಷಕರ ಮುಖಗಳು. ವೇದಿಕೆಗೆ ಬೆನ್ನು ಹಾಕಿ, ಕೂತವರ ಸಾಲನ್ನು ಒಬ್ಬ ಹುಡುಗ ಉದ್ದಕ್ಕೂ ಹಿಡಿದಿದ್ದ. ಅಂದು ನಾನು ಅವನ ಮೇಲೆ ರೇಗಿದ್ದೆ. ವೇದಿಕೆ ಬಿಟ್ಟು ಜನರನ್ನು ಯಾಕೆ ಹಿಡಿಯುತ್ತೀಯ ಎಂದಿದ್ದೆ. ನೋಡುವವರೆಲ್ಲ ಅಲ್ಲಿ ಹಿಂದೆ ಸರಿಸಿ ಸರಿಸಿ ತಮ್ಮನ್ನೇ ಹುಡುಕಿಕೊಂಡಿದ್ದಾರೆ. ಮತ್ತೆ ನೋಡಿದ್ದೂ ಎಣಿಕೆಗೆ ಸೇರುವುದರಿಂದ ಗೆರೆ ಉಬ್ಬಿದೆ. ಫೆಸ್ಟ್ ವಿಡಿಯೋವನ್ನು ಹುಡುಗರು ಯಾತಕ್ಕೆ ನೋಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಎಲ್ಲರ ಎದುರು ಅವನಲ್ಲಿ ಕ್ಷಮೆ ಕೇಳಿದೆ. ಮೊದಲು ಕ್ಷಮೆ, ಆಮೇಲೆ ಧನ್ಯವಾದ.

ಸೌಂಡ್ ನೋಡಿಕೊಂಡವನಿಗೆ ಯಾವ ಸಂಖ್ಯೆ ಕೊಡುವುದೆಂದು ಬಹಳ ಹೊತ್ತು ಯೋಚಿಸಿದೆ. ಗೆರೆಯಲ್ಲಿ ಅವನ ಗುರುತು ಎಲ್ಲೂ ಕಾಣುವುದಿಲ್ಲ. ಹಿಂದಿನ ವರ್ಷದ ವಿಡಿಯೋ ತೆಗೆದು ಪಕ್ಕಕ್ಕಿಟ್ಟಾಗ ಉತ್ತರ ಸಿಕ್ಕಿತು. ಆ ವರ್ಷ ಮಿಕ್ಸರಿನಿಂದ ನೇರ ತೆಗೆದುಕೊಂಡ ಧ್ವನಿಯಲ್ಲಿ ಗುಂಯ್ ಎಂಬ ಸದ್ದು ಸೇರಿತ್ತು. ಹಾಡು ಶುರುವಾದಲ್ಲೇ ಗೆರೆ ಮೆಟ್ಟಿಲು ಇಳಿದಂತೆ ಧಡಕ್ಕನೆ ಬಿದ್ದಿತ್ತು, ಮತ್ತೆ ಏಳಲಿಲ್ಲ. ಈ ವರ್ಷ ಹಾಡಿನ ಮಧ್ಯೆ ಕರೆಂಟು ಹೋಯಿತು. ಜನರೇಟರ್ ಹಿಡಿಯುವವರೆಗೆ ಮಿಕ್ಸರ್ ಸತ್ತಿತ್ತು. ಹಾಡುವವಳು ಮಾತ್ರ ನಿಲ್ಲಿಸಲಿಲ್ಲ, ಹುಡುಗರು ಚಪ್ಪಾಳೆಯಲ್ಲಿ ತಾಳ ಹಿಡಿದರು. ಇವನು ಯಾರೂ ಹೇಳದಿದ್ದರೂ ಬ್ಯಾಟರಿಯ ಪುಟ್ಟ ರೆಕಾರ್ಡರ್ ಒಂದನ್ನು ವೇದಿಕೆಯ ಅಂಚಿನಲ್ಲಿ ಇಟ್ಟಿದ್ದ. ಆ ಇಡೀ ಭಾಗದ ಧ್ವನಿ ಅದರದ್ದು. ಗೆರೆ ಅಲ್ಲಿ ಸಮತಟ್ಟಾಗಿ ಹೋಗುತ್ತದೆ. ಎರಡೂ ವರ್ಷದ ಗೆರೆಗಳನ್ನು ಪ್ರೊಜೆಕ್ಟರಿನಲ್ಲಿ ಒಂದರ ಕೆಳಗೊಂದು ತೋರಿಸಿ, "ಈ ಸಮತಟ್ಟು ನಿನ್ನದು ಮಾರಾಯ" ಎಂದೆ. ಅವನು ತಲೆ ಎತ್ತಲಿಲ್ಲ. ಪಕ್ಕದವನು ಅವನ ಬೆನ್ನು ತಟ್ಟುತ್ತಿದ್ದ.

ಉಳಿದದ್ದು ವಿಡಿಯೋದ ಕೊನೆ. 5:40ರಲ್ಲಿ ಗೆರೆ 31ರಲ್ಲಿತ್ತು. ಆರು ನಿಮಿಷ ತುಂಬುವಾಗ 12. ಆ ಇಪ್ಪತ್ತು ಸೆಕೆಂಡಿನಲ್ಲಿ ಏನಿತ್ತು? ಕಪ್ಪು ಪರದೆ, ಅದರ ಮೇಲೆ ಮೇಲಕ್ಕೆ ಸರಿಯುವ ಇಪ್ಪತ್ಮೂರು ಹೆಸರು. 4,200ರಲ್ಲಿ ನೂರಕ್ಕೆ ಹನ್ನೆರಡು ಎಂದರೆ 504. ಕೊನೆಯವರೆಗೂ ನೋಡಿದವರು 504 ಎಂದು ಹೇಳಿಬಿಡುವುದು ಸುಲಭ, ಆದರೆ ಅದು ಪೂರ್ತಿ ಸರಿಯಲ್ಲ. ನೇರ ಕೊನೆಗೆ ಹಾರಿದವರೂ ಅದರಲ್ಲಿ ಇರುತ್ತಾರೆ. ಕೊನೆಯ ಕ್ಷಣದಲ್ಲಿ ಪರದೆ 504 ಸಲ ತೆರೆದಿತ್ತು, ಅಷ್ಟು ಮಾತ್ರ ಹೇಳಬಹುದು. ಆರು ನಿಮಿಷವನ್ನು ಕಟ್ಟಿದವರ ಹೆಸರುಗಳೇ ವಿಡಿಯೋದಲ್ಲಿ ಎಲ್ಲಕ್ಕಿಂತ ಕಡಿಮೆ ಸಲ ನೋಡಿಸಿಕೊಂಡವು. ಜನರ ತಪ್ಪಲ್ಲ, ಸಿನಿಮಾ ಹಾಲಿನಲ್ಲೂ ಹೆಸರು ಬರುವಾಗ ನಾವೇ ಎದ್ದು ಚಪ್ಪಲಿ ಹುಡುಕುತ್ತೇವೆ. ಹೆಸರುಗಳನ್ನು ಅಲ್ಲಿ ಇಟ್ಟವಳು ನಾನು.

ಆದ್ದರಿಂದ ಭಾಷಣದ ಕೊನೆಯಲ್ಲಿ ಆ ಹೆಸರುಗಳನ್ನು ನಿಧಾನವಾಗಿ ಒಂದೊಂದಾಗಿ ಓದಿದೆ, ಯಾವ ನಿಮಿಷ ಯಾವ ಸೆಕೆಂಡು ಯಾರದು ಎಂದು ಸೇರಿಸಿ. ಮುಂದಿನ ವಿಡಿಯೋಗಳಲ್ಲಿ ಹೆಸರು ಕಪ್ಪು ಪರದೆಗೆ ಕಾಯುವುದಿಲ್ಲ, ಶಾಟ್ ಬಂದಾಗಲೇ ಅದರ ಮೂಲೆಯಲ್ಲಿ ಬರುತ್ತದೆ ಎಂದೂ ಹೇಳಿದೆ. ಹದಿನೇಳನೆಯ ಹೆಸರು ಓದುವಾಗ ಹಿಂದಿನ ಸಾಲಿನಿಂದ ಒಬ್ಬ ಕೈ ಎತ್ತಿದ. ದೀಪದ ವೈರುಗಳನ್ನು ಮೂರು ದಿನ ಎಳೆದವನು.

"ಅಕ್ಕ, ಅದು ಕೆ ಅಲ್ಲ, ಎಚ್. ವಿಡಿಯೋದಲ್ಲೂ ಹಾಗೇ ಬಂದಿದೆ."

ಮೂರು ವಾರ ಆಗಿತ್ತು. ಯಾರೂ ನನಗೆ ಹೇಳಿರಲಿಲ್ಲ, ನಾನೂ ನೋಡಿರಲಿಲ್ಲ. ಇವನು ಮಾತ್ರ ನೋಡಿದ್ದ. ಯೂಟ್ಯೂಬಿಗೆ ಒಮ್ಮೆ ಏರಿಸಿದ ವಿಡಿಯೋವನ್ನು ಅದೇ ಲಿಂಕಿನಲ್ಲಿ ಬದಲಾಯಿಸಲು ಬರುವುದಿಲ್ಲ. ಭಾಗವನ್ನು ಕತ್ತರಿಸಬಹುದು, ಮಸುಕು ಮಾಡಬಹುದು, ಒಂದು ಅಕ್ಷರ ತಿದ್ದಲಾಗದು. ಹೊಸದಾಗಿ ಏರಿಸಿದರೆ 4,200 ಸೊನ್ನೆಯಿಂದ ಶುರುವಾಗುತ್ತದೆ. ಅವನನ್ನೇ ಕೇಳಿದೆ. "ವ್ಯೂಸ್ ಇರ್ಲಿ ಅಕ್ಕ, ಕೆಳಗೆ ಬರೆದ್ರೆ ಸಾಕು" ಎಂದ. ಅಲ್ಲೇ ಫೋನು ತೆಗೆದು ವಿವರಣೆಯ ಮೊದಲ ಸಾಲಿನಲ್ಲಿ ಅವನ ಇನಿಷಿಯಲ್ ಸರಿಮಾಡಿ ಹೆಸರು ಬರೆದೆ. ಮುಂದೆ ಅವನು ಬೆಳಕು ಬಿಟ್ಟ ಸೆಕೆಂಡು, 0:12. ಅವನು ತನ್ನ ಫೋನಿನಲ್ಲಿ ತೆರೆದು ಸರಿಯಾಗಿದೆಯೇ ಎಂದು ನೋಡಿಕೊಂಡ. ನಾನು ಹದಿನೆಂಟನೆಯ ಹೆಸರಿಗೆ ಹೋದೆ.