ತೂತು ಇದ್ರ ಸಾವಯವ ಅಂತೇನಿಲ್ರಿ

ರಾಯಚೂರಿನ ಗಿರಾಕಿಗಳು ತೂತು ಬಿದ್ದ ಬದ್ನಿಕಾಯಿ ನೋಡಿ "ಇದಕ್ಕ ಎಣ್ಣಿ ಹೊಡೆದಿಲ್ಲ" ಅಂತ ನಂಬತಾರ. ಅದು ಪುರಾವೆ ಅಲ್ರಿ. ಹುಳ ಕಾಯಿಯೊಳಗ ಹೊಕ್ಕ ಮ್ಯಾಲ ಎಣ್ಣಿ ಹೊಡದ್ರೂ ಸರಿಯಾಗಿ ತಾಗಂಗಿಲ್ಲ. ಹೊಡೆದ ಹೊಲದಾಗೂ ತೂತು ಇರತಾವ.

ವರ್ಷಕ್ಕ 12 ಲಕ್ಷದೊಳಗ ವಹಿವಾಟಿರೋ ರೈತ ತಿನ್ನೋರಿಗೇ ನೇರ ಮಾರಿದ್ರ, 2017ರ ಸಾವಯವ ಆಹಾರ ನಿಯಮದಾಗ ಪ್ರಮಾಣಪತ್ರ ಕಡ್ಡಾಯ ಇಲ್ಲ. ಆದ್ರ 'ಜೈವಿಕ್ ಭಾರತ್' ಗುರುತು ಹಾಕಂಗಿಲ್ಲ. ಹಂಗಾದ್ರ ಗಿರಾಕಿ ಯಾವುದನ್ನ ನೋಡಿ ನಂಬಬೇಕು?

ಮಸರಕಲ್ಲಿನ ನಮ್ಮ ಬದ್ನಿ ಹೊಲದ ಬದುವಿನಾಚೆ ಹತ್ತಿ ಐತಿ. ಅವರು ಎಣ್ಣಿ ಹೊಡೆಯೋವಾಗ ಗಾಳಿ ನಮ್ಮ ಕಡಿ ಬಂದ್ರ ಹನಿ ನಮ್ಮ ಗಿಡಕ್ಕೂ ಬೀಳತೈತಿ. ಅದಕ್ಕ ಬದುವಿನ ಸಾಲುಗಳನ್ನ ಬ್ಯಾರೆ ಬುಟ್ಟಿಗೆ ಹರೀತೀವಿ, ಸಾವಯವ ಅಂತ ಮಾರಂಗಿಲ್ಲ. ದರ ಕಡಿಮಿ ಸಿಗತೈತಿ, ಸಿಗಲಿ. ವಹಿಯಾಗ ಹೊಡೆದ ದಿನ, ಹೊಡೆದದ್ದು ಏನು, ಎಷ್ಟು ಅಂತ ಬರೀತೀವಿ: 100 ಲೀಟರ್ ನೀರಿಗೆ ಬೇವಿನ ಬೀಜದ ಪುಡಿ 5 ಕೆಜಿ. ಹರಿದ ಬುಟ್ಟಿಗಳ ಲೆಕ್ಕಾನೂ ಅದರಾಗ ಐತಿ.

ಈ ಲೆಕ್ಕದಾಗ ಮೋಸ ಸಿಗಬಹುದು. ಹರಿದದ್ದು 4 ಬುಟ್ಟಿ, ಮಾರಿದ್ದು 9 ಬುಟ್ಟಿ ಅಂದ್ರ ಉಳಿದ 5 ಸಂತಿಯಿಂದ ಬಂದಾವ. ಗಿರಾಕಿ ಬದುವಿನಾಚೆ ಏನೈತಿ ಅಂತ ಕೇಳಿ, ವಹಿ ತೋರಿಸ್ರಿ ಅಂದ್ರ ಸಿಟ್ಟಾಗಬ್ಯಾಡ್ರಿ, ತೋರಸ್ರಿ.