ಎಣ್ಣೆ ಯಾವುದು ಆಂಟಿ?

ನನ್ನ ಅಡುಗೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲಕ್ಕಿಂತ ಮೇಲೆ ಪಿನ್ ಮಾಡಿಟ್ಟ ಒಂದು ಸಂದೇಶವಿದೆ. ಕಡಿಮೆ ಎಂದರೆ ಎಷ್ಟು ಆರ್ಡರ್ ಮಾಡಬೇಕು, ಎಲ್ಲಿಯವರೆಗೆ ಕಳಿಸುತ್ತೀರಿ, ಅಲರ್ಜಿ ಇದ್ದವರು ತಿನ್ನಬಹುದೇ, ದುಡ್ಡು ಯಾವಾಗ ಕೊಡಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿದೆ. ಮೊದಲ ಸಲ ಅದನ್ನು ಟೈಪ್ ಮಾಡಿಕೊಟ್ಟವಳು ಮಗಳು. ಆಗ ಅಲರ್ಜಿಯ ಪ್ರಶ್ನೆಗೆ ನಾನು ಹೇಳಿ ಬರೆಸಿದ ಉತ್ತರ ಒಂದೇ ಸಾಲು: "ನಮ್ಮದು ಶುದ್ಧ ಮನೆ ಅಡುಗೆ, ಏನೂ ತೊಂದರೆ ಇಲ್ಲ." ಈಗ ಉಳಿದ ಮೂರು ಉತ್ತರಗಳನ್ನು ಸೇರಿಸಿದರೂ ಆ ಒಂದರಷ್ಟು ಉದ್ದವಾಗುವುದಿಲ್ಲ.

ಬಸವನಗುಡಿಯ ನಮ್ಮ ಮನೆಯ ಅಡುಗೆಮನೆ ದೊಡ್ಡದಲ್ಲ. ಮೂರು ಬರ್ನರಿನ ಒಲೆ, ಎರಡು ಲೀಟರಿನ ಗ್ರೈಂಡರ್, ಎರಡು ಮಿಕ್ಸಿ ಜಾರ್. ಹೋಳಿಗೆ, ಪುಳಿಯೋಗರೆ ಗೊಜ್ಜು, ಬಿಸಿಬೇಳೆಬಾತ್, ಎರಡು ಮೂರು ಬಗೆಯ ಚಟ್ನಿಪುಡಿ. ಇಷ್ಟರಲ್ಲೇ ನನ್ನ ವ್ಯಾಪಾರ.

ಹೋಳಿಗೆ ಕಡಿಮೆಯೆಂದರೆ 25 ಎಂದು ಬರೆದದ್ದಕ್ಕೆ ಕೆಲವರಿಗೆ ಸಿಟ್ಟು. "ಮನೇಲಿ ಇಬ್ಬರೇ ಇರೋದು, ನಾಲ್ಕು ಕೊಡಿ ಸಾಕು" ಎನ್ನುತ್ತಾರೆ. ನಾಲ್ಕು ಹೋಳಿಗೆಗೆ ಬೇಕಾದ ಬೇಳೆ ಒಂದು ಹಿಡಿ. ಅದನ್ನು ಗ್ರೈಂಡರಿಗೆ ಹಾಕಿದರೆ ಕಲ್ಲಿನ ಅಡಿಗೆ ಸಿಗದೆ ಗೋಡೆಗೆ ಮೆತ್ತಿಕೊಂಡು ಕೂರುತ್ತದೆ, ಕಲ್ಲು ಸುಮ್ಮನೆ ತಿರುಗುತ್ತದೆ. ಮಿಕ್ಸಿಗೆ ಹಾಕಿದರೆ ನೀರು ಕೇಳುತ್ತದೆ, ನೀರು ಬಿದ್ದ ಹೂರಣ ಕಣಕವನ್ನು ಹರಿದುಕೊಂಡು ಹೊರಬರುತ್ತದೆ. ಅರ್ಧ ಕೆಜಿ ಕಡಲೆಬೇಳೆ, ಅಷ್ಟೇ ಬೆಲ್ಲ ಹಾಕಿದರೆ ಕಲ್ಲು ಸರಿಯಾಗಿ ಹಿಡಿಯುತ್ತದೆ, ನನ್ನ ಅಳತೆಗೆ 25ರಷ್ಟು ಹೋಳಿಗೆ ಬರುತ್ತವೆ. ಅಂದರೆ ಈ ಸಂಖ್ಯೆ ನನ್ನದಲ್ಲ, ಗ್ರೈಂಡರಿನದು. ಇಬ್ಬರೇ ಇರುವ ಮನೆಗಳಿಗಾಗಿ ಶನಿವಾರ ಒಂದು ಸಲದಷ್ಟು ನಾನೇ ಮಾಡಿಟ್ಟು ಗುಂಪಿನಲ್ಲಿ ತಿಳಿಸುತ್ತೇನೆ. ಬಂದು ನಾಲ್ಕು ಬೇಕಾದರೂ ಒಯ್ಯಬಹುದು, ಎರಡು ಬೇಕಾದರೂ ಒಯ್ಯಬಹುದು.

ಎಲ್ಲಿಯವರೆಗೆ ಕಳಿಸುತ್ತೇನೆ ಎಂಬುದನ್ನು ಮೊದಲು ಕಿಲೋಮೀಟರಿನಲ್ಲಿ ಬರೆದಿದ್ದೆ. ಬೆಂಗಳೂರಿನಲ್ಲಿ ಅದಕ್ಕೆ ಅರ್ಥವಿಲ್ಲ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಕಡೆ ಹೊರಟ ಬಿಸಿಬೇಳೆಬಾತ್ ಯಾವ ಸ್ಥಿತಿಯಲ್ಲಿ ಮುಟ್ಟುತ್ತದೆ ಎಂದು ಬರೆದರೆ ಅದೇ ಒಂದು ಪ್ರಬಂಧವಾದೀತು. ಈಗ "ಗಾಡಿಯಲ್ಲಿ ಅರ್ಧ ಗಂಟೆ" ಎಂದು ಬದಲಿಸಿದ್ದೇನೆ. ಅದಕ್ಕಿಂತ ದೂರದವರಿಗೆ ಗೊಜ್ಜು, ಪುಡಿಗಳು ಮಾತ್ರ.

ದುಡ್ಡಿನ ವಿಷಯ: ಅರ್ಧ ಮುಂಗಡ, ಉಳಿದದ್ದು ಊಟ ಹೊರಡುವ ಮೊದಲು. ಒಂದು ಯುಗಾದಿಯ ಹಿಂದಿನ ರಾತ್ರಿ, 60 ಹೋಳಿಗೆಯ ಹೂರಣ ರುಬ್ಬಿ ಉಂಡೆ ಕಟ್ಟಿಟ್ಟ ಮೇಲೆ, "ಸಾರಿ, ಪ್ಲಾನ್ ಚೇಂಜ್" ಎಂದು ಬಂದ ಸಂದೇಶ ಈ ಸಾಲನ್ನು ಬರೆಸಿತು. ದುಡ್ಡು ಕಳಿಸಿದ್ದೇವೆ ಎನ್ನುವ ಸ್ಕ್ರೀನ್‌ಶಾಟ್ ಸಾಲದು, ನನ್ನ ಖಾತೆಗೆ ಬಂದದ್ದು ಕಾಣಿಸಬೇಕು ಎಂಬ ಸಾಲಿಗೂ ಇಂಥದೇ ಒಂದು ಹಿನ್ನೆಲೆಯಿದೆ. ಬಿಡಿ, ಅದರಲ್ಲಿ ಹೋದದ್ದು ದುಡ್ಡು ಮಾತ್ರ.

ಅಲರ್ಜಿಯ ಉತ್ತರ ಉದ್ದವಾದದ್ದು ಹಾಗಲ್ಲ.

ಎರಡು ವರ್ಷದ ಹಿಂದೆ ಹೊಸದಾಗಿ ಗುಂಪಿಗೆ ಸೇರಿದ ಒಬ್ಬ ಹುಡುಗಿ ಅರ್ಧ ಕೆಜಿ ಪುಳಿಯೋಗರೆ ಗೊಜ್ಜು ಕೇಳಿದಳು. ಹುಡುಗಿ ಎಂದರೆ ನನ್ನ ಮಗಳ ವಯಸ್ಸಿನವಳು, ಆರು ವರ್ಷದ ಮಗನ ತಾಯಿ. ಸಂದೇಶ ಕಳಿಸಿ ಸುಮ್ಮನಾಗದೆ ಫೋನನ್ನೂ ಮಾಡಿದಳು.

"ಆಂಟಿ, ಮಗನಿಗೆ ಕಡ್ಲೆಕಾಯಿ ಆಗಲ್ಲ. ಅದಿಲ್ಲದೆ ಮಾಡ್ಕೊಡ್ತೀರಾ?"

"ಅದಕ್ಕೇನಮ್ಮ, ಗೊಜ್ಜಿಗೆ ಹಾಕೋದೇ ಇಲ್ಲ. ಅನ್ನ ಕಲಸುವಾಗ ನೀನೂ ಹಾಕ್ಬೇಡ, ಅಷ್ಟೆ."

ನಾನು ಸುಳ್ಳು ಹೇಳಲಿಲ್ಲ. ಹೇಳಿದ್ದು ನಿಜವೆಂದೇ ನಂಬಿದ್ದೆ. ಹುಣಸೆಹಣ್ಣು ನೆನೆಸಿ ಕಿವುಚಿ ರಸ ತೆಗೆದೆ. ಕೊತ್ತಂಬರಿ ಬೀಜ, ಮೆಂತ್ಯ, ಮೆಣಸು, ಬ್ಯಾಡಗಿ ಮೆಣಸಿನಕಾಯಿ ಹುರಿದೆ, ಎಳ್ಳು, ಕೊಬ್ಬರಿ ಬೇರೆಯಾಗಿ ಹುರಿದೆ. ಬಾಣಲೆಗೆ ಧಾರಾಳವಾಗಿ ಎಣ್ಣೆ ಬಿಟ್ಟು ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು, ರಸ ಹಾಕಿ ಕುದಿಸಿದೆ. ಪುಳಿಯೋಗರೆ ಗೊಜ್ಜಿನಲ್ಲಿ ಎಣ್ಣೆಗೆ ಕೈ ಹಿಡಿಯುವಂತಿಲ್ಲ. ಗೊಜ್ಜು ಕುದಿದು ಕುದಿದು, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಾಗಲೇ ಅದು ಆಯಿತು ಎಂದು ತಿಳಿಯುವುದು. ಡಬ್ಬಿಯಲ್ಲಿ ಮೇಲೆ ನಿಂತ ಆ ಎಣ್ಣೆಯೇ ಅದನ್ನು ಕೆಡದಂತೆ ಕಾಯುವುದೂ ಹೌದು. ನಾನು ಬಳಸುತ್ತಿದ್ದದ್ದು ಗಾಣದ ಎಣ್ಣೆ. ಅದರ ಬಗ್ಗೆ ನನಗೆ ಹೆಮ್ಮೆ ಬೇರೆ ಇತ್ತು. ಪಿನ್ ಮಾಡಿದ ಸಂದೇಶದ ಮೊದಲ ಸಾಲಿನಲ್ಲೇ "ಗಾಣದ ಎಣ್ಣೆಯಲ್ಲಿ ಮಾಡಿದ್ದು" ಎಂದು ಬರೆಸಿದ್ದೆ.

ಯಾವುದರ ಎಣ್ಣೆ ಎಂದು ಬರೆಸಿರಲಿಲ್ಲ. ಎಣ್ಣೆ ಎಂದರೆ ಕಡಲೆಕಾಯಿ ಎಣ್ಣೆಯೇ ಎಂದು ಬೆಳೆದವಳು ನಾನು. ಅದರ ಹೆಸರಿನಲ್ಲೇ ಕಡಲೆಕಾಯಿ ಇದೆ ಎಂಬುದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಶನಿವಾರ ಮಧ್ಯಾಹ್ನ ಹುಡುಗ ಎರಡು ತುತ್ತು ತಿಂದನಂತೆ. ತುಟಿ ತುರಿಸುತ್ತದೆ ಎಂದನಂತೆ. ನೋಡುನೋಡುತ್ತ ತುಟಿ ಊದಿ, ಕುತ್ತಿಗೆ ಹೊಟ್ಟೆಯ ಮೇಲೆ ದದ್ದು ಎದ್ದು, ವಾಂತಿ ಮಾಡಿಕೊಂಡು, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಶುರುವಾಯಿತು. ಹತ್ತಿರದ ಆಸ್ಪತ್ರೆಯಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟು, ರಾತ್ರಿಯೆಲ್ಲ ನಿಗಾದಲ್ಲಿ ಇಟ್ಟುಕೊಂಡರು. ಸಂಜೆ ಅವಳ ಫೋನ್ ಬಂತು. ಜಗಳಕ್ಕಲ್ಲ. ಡಾಕ್ಟರು ಕೇಳಲು ಹೇಳಿದ್ದನ್ನು ಕೇಳಿದಳು, ಅಷ್ಟೆ.

"ಎಣ್ಣೆ ಯಾವುದು ಆಂಟಿ?"

ಉತ್ತರ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮರುದಿನ ಹುಡುಗನನ್ನು ನೋಡಲು ಹೋದಾಗ ಅಲ್ಲಿದ್ದ ಡಾಕ್ಟರು ಬೈಯಲಿಲ್ಲ, ಬಿಡಿಸಿ ಹೇಳಿದರು. ಅಲರ್ಜಿ ಎಬ್ಬಿಸುವುದು ಕಡಲೆಕಾಯಿಯ ಪ್ರೋಟೀನು. ಕಾರ್ಖಾನೆಯಲ್ಲಿ ಪೂರ್ತಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಅದು ಬಹುಪಾಲು ಹೋಗಿಬಿಡುತ್ತದೆ. ಗಾಣದಲ್ಲಿ ಹಿಂಡಿ ಸೋಸಿದ ಎಣ್ಣೆಯಲ್ಲಿ ಉಳಿದಿರುತ್ತದೆ. ಬಾಣಲೆಯಲ್ಲಿ ಕಾಯಿಸಿದ ಮಾತ್ರಕ್ಕೆ ಅದು ನಾಶವಾಗುತ್ತದೆಂದು ನಂಬುವಂತಿಲ್ಲ. ಯಾವ ಗುಣಕ್ಕೆಂದು ನಾನು ಆ ಎಣ್ಣೆಯನ್ನು ಆರಿಸಿದ್ದೆನೋ, ಹೆಚ್ಚೇನೂ ತೆಗೆದುಹಾಕದೆ ಇದ್ದಹಾಗೇ ಇಟ್ಟಿರುವ ಆ ಗುಣವೇ ಈ ಮಗುವಿನ ಪಾಲಿಗೆ ವಿಷವಾಗಿತ್ತು.

ಮನೆಗೆ ಬಂದು ಅಡುಗೆಮನೆಯನ್ನು ಪೊಲೀಸರಂತೆ ಶೋಧಿಸಿದೆ. ಮಿಕ್ಸಿ ಜಾರಿನ ಬ್ಲೇಡು ಬಿಚ್ಚಿದರೆ ಅದರ ಕೆಳಗಿನ ವಾಷರ್ ಸುತ್ತ ಕಂದು ಬಣ್ಣದ ಜಿಡ್ಡು. ಮೂಸಿದರೆ ಕಡಲೆಕಾಯಿ ಚಟ್ನಿಪುಡಿಯ ವಾಸನೆ. ಗೊಜ್ಜಿನ ಎಳ್ಳು, ಕೊಬ್ಬರಿಯನ್ನು ಪುಡಿ ಮಾಡಿದ್ದು ಅದೇ ಜಾರಿನಲ್ಲಿ. ಎಣ್ಣೆ ಬದಲಿಸಿದ್ದರೂ ಆ ಡಬ್ಬಿ ಆ ಮಗುವಿಗೆ ಆಗುತ್ತಿರಲಿಲ್ಲವೇನೋ. ಜಾರನ್ನು ತೊಳೆದು ಬೆಳ್ಳಗೆ ಕಂಡರೆ ತೊಳೆದಂತಾಯಿತು ಎಂದು ಮೂವತ್ತು ವರ್ಷ ನಂಬಿದ್ದೆ.

ಆಮೇಲೆ ಡಬ್ಬಿಗಳ ಮೇಲಿನ ಸಣ್ಣ ಅಕ್ಷರ ಓದುವ ಚಟ ಹತ್ತಿತು. ಇಂಗಿನ ಡಬ್ಬಿ ಕೈಗೆತ್ತಿಕೊಂಡು ಕನ್ನಡಕ ಹಾಕಿದರೆ, ಗೋಂದಿನ ಜೊತೆಗೆ ಮೈದಾ! ಅಂಗಡಿಯಲ್ಲಿ ಸಿಗುವ ಇಂಗು ಬರೀ ಇಂಗಲ್ಲ, ಖಾರ ತಗ್ಗಿಸಿ ಪುಡಿಯಾಗಿಸಲು ಹಿಟ್ಟು ಬೆರೆಸಿರುತ್ತಾರೆ. ಹೆಚ್ಚಿನವು ಗೋಧಿಯದು, ಕೆಲವು ಅಕ್ಕಿಯದು. ಸೀಲಿಯಾಕ್ ಕಾಯಿಲೆಯಿರುವ ಒಬ್ಬ ಹಿರಿಯರಿಗೆ "ಅಕ್ಕಿ, ಬೇಳೆ ಬಿಟ್ಟರೆ ಬೇರೇನೂ ಇಲ್ಲ ಸಾರ್" ಎಂದು ಎಷ್ಟು ಸಲ ಬಿಸಿಬೇಳೆಬಾತ್ ಕಳಿಸಿದ್ದೆನೋ! ಅವರಿಗೆ ಫೋನ್ ಮಾಡಿ ಹೇಳಿದೆ. "ಅದಕ್ಕೇ ಇರಬಹುದು ನೋಡಿ, ಭಾನುವಾರ ಭಾನುವಾರ ಹೊಟ್ಟೆ ಕೆಡ್ತಿತ್ತು" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಉತ್ತರವನ್ನು ಹೊಸದಾಗಿ ಬರೆಯಲು ಕೂತಾಗ ತೊಡಕಾದದ್ದು ಭಾಷೆ. ನಮ್ಮಲ್ಲಿ ಕಡಲೆ ಎಂದರೆ ಯಾವುದು? ಕಡಲೆಕಾಳು, ಕಡಲೆಬೇಳೆ, ಹುರಿಗಡಲೆ ಒಂದು ಕುಲ. ಕಡಲೆಕಾಯಿ, ಕಡಲೆಬೀಜ ಬೇರೆಯೇ ಕುಲ, ಉತ್ತರ ಕರ್ನಾಟಕದವರು ಶೇಂಗಾ ಎನ್ನುವುದು. "ಕಡ್ಲೆ ಆಗಲ್ಲ" ಎಂದು ಬರೆದವರಿಗೆ ಹೋಳಿಗೆ ಆಗುವುದಿಲ್ಲವೋ ಚಿತ್ರಾನ್ನ ಆಗುವುದಿಲ್ಲವೋ? ಈಗ ಅಂಥವರಿಗೆ ಎರಡರ ಫೋಟೋವನ್ನೂ ಕಳಿಸಿ, ಯಾವುದು ಎಂದು ಕೇಳುತ್ತೇನೆ. ಎರಡೂ ಇರಬಹುದು. "ನಟ್ಸ್" ಎಂದವರನ್ನು ಗೋಡಂಬಿಯೂ ಸೇರಿತೇ ಎಂದು ಕೇಳುತ್ತೇನೆ.

ಮಗಳು ಎಫ್‌ಎಸ್‌ಎಸ್‌ಎಐನವರ 2020ರ ಲೇಬಲ್ ನಿಯಮದ ಪಟ್ಟಿಯನ್ನು ಓದಿ ಹೇಳಿದಳು. ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿಯಂಥ ಬೀಜಗಳು, ಸೋಯಾ ಹೀಗೆ. ಅದರಲ್ಲಿ ಎಳ್ಳಿಲ್ಲ, ಸಾಸಿವೆಯಿಲ್ಲ. ಯೂರೋಪಿನ ಪಟ್ಟಿಯಲ್ಲಿ ಎರಡೂ ಇವೆ. ನನ್ನ ಸಂದೇಶದಲ್ಲಿ ಎರಡನ್ನೂ ಸೇರಿಸಿದೆ. ಸಾಸಿವೆ ಬೇಡವೆಂದರೆ ಒಗ್ಗರಣೆಯೇ ಬೇಡವೆಂದಂತೆ, ನನ್ನ ಹತ್ತಿರ ಆಗ ಉಳಿಯುವುದು ಹೋಳಿಗೆ ಮಾತ್ರ ಎಂದು ನಗುತ್ತಲೇ ಸೇರಿಸಿದೆ.

ಈಗಿನ ಉತ್ತರ ಶುರುವಾಗುವುದು ಹೀಗೆ: "ಈ ಅಡುಗೆಮನೆಯಲ್ಲಿ ಕಡಲೆಕಾಯಿ, ಗೋಡಂಬಿ, ಗೋಧಿ, ಹಾಲು, ಎಳ್ಳು, ಸಾಸಿವೆ ದಿನವೂ ಬಳಕೆಯಲ್ಲಿವೆ. ಒಂದೇ ಒಲೆ, ಒಂದೇ ಗ್ರೈಂಡರ್. ಒಂದನ್ನು ಬಿಟ್ಟು ಮಾಡಿಕೊಡಬಲ್ಲೆ, ಆದರೆ ಅದರ ಸೋಂಕೇ ಇಲ್ಲವೆಂದು ಮಾತು ಕೊಡಲಾರೆ. ತೀವ್ರ ಅಲರ್ಜಿ ಇದ್ದವರು ದಯವಿಟ್ಟು ನನ್ನಿಂದ ತರಿಸಬೇಡಿ." ಅದರ ಕೆಳಗೆ ಒಂದೊಂದು ತಿಂಡಿಗೂ ಎಣ್ಣೆ, ಇಂಗು ಸೇರಿಸಿ ಹಾಕುವ ಪದಾರ್ಥವೆಲ್ಲ. ತರಿಸಬೇಡಿ ಎಂಬ ಮಾತು ಓದಿ ಮಗಳು "ಅಮ್ಮ, ವ್ಯಾಪಾರ ಮಾಡೋರು ಹೀಗೆ ಬರೀತಾರಾ?" ಎಂದಳು. ಕೆಲವರು ಬಿಟ್ಟು ಹೋದದ್ದೂ ನಿಜ. ಒಬ್ಬರಂತೂ "ನಿಮ್ಮ ಅಡುಗೆಮನೆ ಅಷ್ಟೊಂದು ಕೊಳಕಾ?" ಎಂದೇ ಕೇಳಿದರು.

ಎಣ್ಣೆಯನ್ನು ಸೂರ್ಯಕಾಂತಿಗೆ ಬದಲಿಸಿದೆ. ಗೊಜ್ಜಿನ ರುಚಿ ಒಂದು ಮೆಟ್ಟಿಲು ಇಳಿದಿದೆ, ತಿಂದವರು ಹೇಳದಿದ್ದರೂ ನನಗೆ ಗೊತ್ತು. ಕಡಲೆಕಾಯಿ ಚಟ್ನಿಪುಡಿಗೆ ಕೆಂಪು ಮುಚ್ಚಳದ ಬೇರೆ ಜಾರ್ ಇಟ್ಟೆ.

ಆ ಹುಡುಗಿ ಗುಂಪು ಬಿಡಲಿಲ್ಲ, ಆದರೆ ಸುಮಾರು ಒಂದು ವರ್ಷ ಏನನ್ನೂ ತರಿಸಲಿಲ್ಲ. ಕಳೆದ ಗೌರಿ ಹಬ್ಬಕ್ಕೆ ಅವಳ ಸಂದೇಶ ಬಂತು. 25 ಹೋಳಿಗೆ ಬೇಕು, ದೊಡ್ಡವರಿಗೆ ಮಾತ್ರ, ಮಗನಿಗೆ ಮನೆಯಲ್ಲೇ ಪಾಯಸ ಮಾಡುತ್ತೇನೆ ಎಂದು ಬರೆದಿದ್ದಳು. ಮುಂಗಡವನ್ನೂ ಕಳಿಸಿದ್ದಳು. ಅದರ ಕೆಳಗೆ ಒಂದು ಸಾಲು: "ಕಣಕಕ್ಕೆ ಎಣ್ಣೆ ಯಾವುದು ಆಂಟಿ?"

ಪಿನ್ ಮಾಡಿದ ಸಂದೇಶದಲ್ಲಿ ಬರೆದಿದೆಯಲ್ಲ ಎನ್ನಬಹುದಿತ್ತು. ಎದ್ದು ಅಡುಗೆಮನೆಗೆ ಹೋಗಿ, ಕನ್ನಡಕ ಹಾಕಿಕೊಂಡು, ಕ್ಯಾನಿನ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿ, ಅದರ ಫೋಟೋ ತೆಗೆದು ಕಳಿಸಿದೆ.